ಜಪಾನಿ ಗೆಳತಿಗೆ ಯಾವಾಗ ಹಾರೈಸಲಿ?

ಗರ್ಭಿಣಿ, ಈಗ 9ನೇ ವಾರ ಎಂದು ಗೆಳತಿ ತಾವಾಗಿಯೇ ಹೇಳಿದ್ದಾರಲ್ಲ, ಇವತ್ತೇ ಹಾರೈಸಿ. ‘ಒಮೆದೆತೋ! ಮುರಿ ಶಿನಾಯ್ದೆ ನೇ’ ಎಂದರೆ ಸಾಕು: ಅಭಿನಂದನೆ, ಜೊತೆಗೆ ಆಯಾಸ ಮಾಡಿಕೊಳ್ಳಬೇಡ ಎಂಬ ಕಾಳಜಿ.

ಆದರೆ ಈ ಸುದ್ದಿ ನಿಮ್ಮಲ್ಲೇ ಇರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಗರ್ಭಪಾತದ ಭಯ ಹೆಚ್ಚಿರುವ ಆರಂಭದ ವಾರಗಳು ಕಳೆದು, ಸುಮಾರು 16ನೇ ವಾರಕ್ಕೆ ‘ಆಂತೇಕಿ’ ಎಂಬ ಸ್ಥಿರ ಅವಧಿ ಶುರುವಾಗುವವರೆಗೆ ಜಪಾನಿನಲ್ಲಿ ಅನೇಕರು ಆಪ್ತರಿಗಷ್ಟೇ ಹೇಳುತ್ತಾರೆ. ತಿಂಗಳಿಗೆ ನಾಲ್ಕೇ ವಾರ ಎಣಿಸುವುದರಿಂದ ಅದು ಅವರಿಗೆ 5ನೇ ತಿಂಗಳು. ಆಗ ‘ನಾಯಿಯ ದಿನ’ ನೋಡಿ ದೇಗುಲಕ್ಕೆ ಹೋಗಿ, ಸುಖಪ್ರಸವ ಬೇಡಿ, ಹೊಟ್ಟೆಗೆ ಪಟ್ಟಿ ಕಟ್ಟಿಕೊಳ್ಳುವ ವಾಡಿಕೆಯಿದೆ. ನಾಯಿಗೆ ಹೆರಿಗೆ ಸಲೀಸು ಎಂಬ ನಂಬಿಕೆ!

ಮಗುವಿಗೆಂದು ಪುಟ್ಟ ಅಂಗಿ ಕೊಂಡಿಟ್ಟಿದ್ದರೆ ಅದನ್ನು ಮಾತ್ರ ಈಗ ಕಳಿಸಬೇಡಿ. ಅಲ್ಲಿ ಉಡುಗೊರೆ ಹೆರಿಗೆಯ ನಂತರ, ತಾಯಿ ಮಗು ಕ್ಷೇಮವೆಂದು ತಿಳಿದ ಮೇಲೆ.