ಮೈದಾಹಿಟ್ಟಿಗೆ ಜಿಡ್ಡು ಎಷ್ಟು? ನಾನ್‌ಖಟಾಯಿ ಮತ್ತು ಪೈ ಹೊದಿಕೆಯ ಲೆಕ್ಕ



ಬೆಳ್ತಂಗಡಿ ಕಡೆಯ ನಮ್ಮ ಸದಸ್ಯರೊಬ್ಬರ ಮನೆಯಾಕೆ ಕಳೆದ ಡಿಸೆಂಬರಿನಲ್ಲಿ ಒಂದು ಅಂಗಡಿಗೆ ಐದು ಕಿಲೋ ನಾನ್‌ಖಟಾಯಿ ಮಾಡಿಕೊಡಲು ಒಪ್ಪಿಕೊಂಡಿದ್ದರು. ಮೊದಲ ಎರಡು ಕಿಲೋ ಪೂರ್ತಿ ಹಾಳಾಯಿತು. ಒಲೆಯೊಳಗೆ ಬಿಸ್ಕತ್ತುಗಳು ಹರಡಿ ಒಂದಕ್ಕೊಂದು ಅಂಟಿಕೊಂಡವು, ಅಂಚು ಕಪ್ಪಾಯಿತು, ಕೈಯಲ್ಲಿ ಎತ್ತಿದರೆ ಪುಡಿಯಾದವು. "ಅಣ್ಣಾ, ಅಳತೆ ತಪ್ಪಲಿಲ್ಲ. ಪುಸ್ತಕದಲ್ಲಿದ್ದ ಹಾಗೆಯೇ ತೂಗಿ ಹಾಕಿದ್ದು" ಎಂದು ಅವರು ಹೇಳಿದರು. ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಪುಸ್ತಕದಲ್ಲಿ ಬೆಣ್ಣೆ ಎಂದಿತ್ತು. ಅವರು ಅಷ್ಟೇ ತೂಕದ ಮನೆಯ ತುಪ್ಪವನ್ನು, ಅದೂ ಕರಗಿಸಿ, ಹಾಕಿದ್ದರು. ಮನೆಯ ತುಪ್ಪವನ್ನು ಹೀಗೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲವಾದುದರಿಂದ ಈ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರವಾಗಿ ಕೊಡುತ್ತಿದ್ದೇನೆ.

ಜಿಡ್ಡಿನ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಮೈದಾಹಿಟ್ಟಿಗೆ ನೀರು ಸೇರಿಸಿ ನಾದಿದರೆ ಅಂಟು ಹುಟ್ಟುತ್ತದೆ. ಇದಕ್ಕೆ ಗ್ಲೂಟನ್ ಎಂದು ಹೆಸರು. ಪರೋಟದ ಹಿಟ್ಟನ್ನು ಎಳೆದರೆ ಹರಿಯದೆ ಹಿಗ್ಗುವುದು ಇದರಿಂದಲೇ. ನೀರು ತಾಗುವ ಮೊದಲೇ ಹಿಟ್ಟಿನ ಕಣಗಳಿಗೆ ಜಿಡ್ಡು ಸವರಿದರೆ ನೀರು ಒಳಗೆ ಇಳಿಯುವುದಿಲ್ಲ, ಅಂಟಿನ ಎಳೆಗಳು ಉದ್ದ ಬೆಳೆಯುವುದಿಲ್ಲ. ಸ್ಕಾಟ್ಲೆಂಡಿನವರ ಶಾರ್ಟ್‌ಬ್ರೆಡ್ ಎಂಬ ತಿಂಡಿಯ ಹೆಸರಿನಲ್ಲಿರುವ 'ಶಾರ್ಟ್' ಎಂಬ ಮಾತಿಗೂ ಸುಲಭವಾಗಿ ಪುಡಿಯಾಗುವುದು ಎಂದೇ ಅರ್ಥ. ನಮ್ಮ ನಾನ್‌ಖಟಾಯಿ ಅದರ ಹತ್ತಿರದ ನೆಂಟ.

ಶಾರ್ಟ್‌ಬ್ರೆಡ್ಡಿನ ಸಾಮಾನ್ಯ ಅಳತೆ ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ಹಣ್ಣಿನ ಹೂರಣವಿಟ್ಟು ಬೇಯಿಸುವ ಪೈಯ ಹೊದಿಕೆಗೆ ಮೂರು ಪಾಲು ಮೈದಾ, ಎರಡು ಪಾಲು ಜಿಡ್ಡು, ಒಂದು ಪಾಲು ನೀರು. ಮೂರಕ್ಕೆ ಎರಡು ಎಂಬ ಪ್ರಮಾಣ ಎರಡರಲ್ಲೂ ಒಂದೇ. ಆದರೆ ಒಂದು ಬಾಯಲ್ಲಿ ಕರಗುತ್ತದೆ, ಇನ್ನೊಂದು ಪದರ ಪದರವಾಗಿ ಬಿರಿಯುತ್ತದೆ. ಅಂದರೆ ಪ್ರಮಾಣದಷ್ಟೇ ಬೆರೆಸುವ ಕ್ರಮವೂ ಮುಖ್ಯ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಮತ್ತು ಸುಣ್ಣದ ತೂಕ ಸರಿಯಿದ್ದರೆ ಸಾಲದು, ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದೂ ಸರಿಯಿರಬೇಕಲ್ಲವೇ? ಇದೂ ಹಾಗೆಯೇ.

ಈಗ ಹಾಳಾದ ನಾನ್‌ಖಟಾಯಿಯ ಲೆಕ್ಕ ನೋಡೋಣ. ಒಂದು ಪಾಕಕ್ಕೆ ಅವರು ತೆಗೆದುಕೊಂಡದ್ದು 300 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ ಪುಡಿ, ಬೆಣ್ಣೆಯ ಬದಲು 200 ಗ್ರಾಂ ತುಪ್ಪ. ಅಂಗಡಿಯ ಬೆಣ್ಣೆಯಲ್ಲಿ ಜಿಡ್ಡು ಇರುವುದು ನೂರಕ್ಕೆ ಸುಮಾರು 80 ಪಾಲು, ಉಳಿದದ್ದು ಬಹುಮಟ್ಟಿಗೆ ನೀರು. 200 ಗ್ರಾಂ ಬೆಣ್ಣೆಯಿಂದ ಸಿಗುವ ಜಿಡ್ಡು 160 ಗ್ರಾಂ ಮಾತ್ರ. ತುಪ್ಪವಾದರೋ ಪೂರ್ತಿ ಜಿಡ್ಡೇ. ಹೀಗಾಗಿ ಪ್ರತಿ ಪಾಕಕ್ಕೂ 40 ಗ್ರಾಂ ಜಿಡ್ಡು ಹೆಚ್ಚು ಬಿತ್ತು. ಸಾಲದ್ದಕ್ಕೆ ತುಪ್ಪ ನೀರಾಗಿತ್ತು. ಗಟ್ಟಿ ತುಪ್ಪವನ್ನು ಸಕ್ಕರೆಯೊಂದಿಗೆ ತಿಕ್ಕಿದರೆ ಗಾಳಿ ಸೇರಿ ಬೆಳ್ಳಗೆ ಹಗುರವಾಗುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ, ಉಂಡೆಯೂ ಶಾಖ ತಾಗಿದೊಡನೆ ಕುಸಿಯುತ್ತದೆ.

ಪರಿಹಾರ ಸರಳ. 300 ಗ್ರಾಂ ಮೈದಾಕ್ಕೆ 160 ಗ್ರಾಂ ತುಪ್ಪ ಸಾಕು. ಅದು ಹರಳು ಕಟ್ಟಿ ಗಟ್ಟಿಯಾಗಿರಬೇಕು. ನಮ್ಮ ಕರಾವಳಿಯ ಸೆಕೆಗೆ ತುಪ್ಪ ಹಗಲಿನಲ್ಲಿ ನಿಲ್ಲದಿದ್ದರೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಬೇಕು. ಉಂಡೆ ಮಾಡಿದ ಮೇಲೂ ಅರ್ಧ ಗಂಟೆ ತಣ್ಣಗಿಟ್ಟು ಬೇಯಿಸುವುದು ಕ್ಷೇಮ. ಹದ ತಿಳಿಯಲು ಚಕ್ಕುಲಿ ಹಿಟ್ಟಿನ ಪರೀಕ್ಷೆಯೇ ಸಾಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಬೆರಳು ಎಣ್ಣೆಯಿಂದ ಹೊಳೆದರೆ ಜಿಡ್ಡು ಹೆಚ್ಚಾಗಿದೆ. ಉಂಡೆಯೇ ಕಟ್ಟದಿದ್ದರೆ ಕಡಿಮೆಯಾಗಿದೆ. ಆಗ ನೀರು ಚಿಮುಕಿಸಬಾರದು, ಚಮಚದಷ್ಟು ತುಪ್ಪವನ್ನೇ ಸೇರಿಸಬೇಕು. ನೀರು ಬಿದ್ದರೆ ಅಂಟು ಹುಟ್ಟಿ ಬಿಸ್ಕತ್ತು ಗಟ್ಟಿಯಾಗುತ್ತದೆ. ಕೆಲವರು ಇದಕ್ಕಿಂತ ಹೆಚ್ಚು ತುಪ್ಪ ಹಾಕಿಯೂ ಚೆನ್ನಾಗಿ ಮಾಡುತ್ತಾರೆ. ಅವರ ಪಾಕದಲ್ಲಿ ಕಡಲೆಹಿಟ್ಟು ಅಥವಾ ಚಿರೋಟಿ ರವೆ ಇದ್ದು, ಅದು ಹೆಚ್ಚಿನ ಜಿಡ್ಡನ್ನು ಹಿಡಿದುಕೊಳ್ಳುತ್ತದೆ.

ಪೈ ಹೊದಿಕೆಯಲ್ಲಿ ಕ್ರಮ ಇದಕ್ಕೆ ತಿರುಗುಮುರುಗು. ಇಲ್ಲಿ ಜಿಡ್ಡು ಹಿಟ್ಟಿನೊಳಗೆ ಪೂರ್ತಿ ಬೆರೆಯಬಾರದು. ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಹಿಟ್ಟಿನಲ್ಲಿ ಕಡಲೆಕಾಳಿನ ಗಾತ್ರಕ್ಕೆ ಮುರಿದು, ತಣ್ಣೀರನ್ನು ಚಮಚ ಚಮಚವಾಗಿ ಹಾಕಿ, ನಾದದೆ ಒತ್ತಿ ಕೂಡಿಸಬೇಕು. ಲಟ್ಟಿಸಿದಾಗ ಆ ಕಾಳುಗಳು ಚಪ್ಪಟೆಯಾಗಿ ಹಿಟ್ಟಿನ ಪದರಗಳ ನಡುವೆ ಕೂರುತ್ತವೆ. ಒಲೆಯಲ್ಲಿ ಬೆಣ್ಣೆ ಕರಗಿ ಜಾಗ ಬಿಡುತ್ತದೆ, ನೀರು ಆವಿಯಾಗಿ ಪದರಗಳನ್ನು ಬಿಡಿಸುತ್ತದೆ. ಪದರ ಹರಿಯದೆ ನಿಲ್ಲಲು ಸ್ವಲ್ಪ ಅಂಟು ಬೇಕು, ಆದ್ದರಿಂದಲೇ ಇಲ್ಲಿ ನೀರು ಬೇಕು. ಜಿಡ್ಡನ್ನು ಮೂರಕ್ಕೆ ಒಂದೂವರೆ ಪಾಲಿಗೆ ಇಳಿಸಿದರೆ ಹಿಟ್ಟು ಲಟ್ಟಿಸಲು ಸುಲಭ, ಆದರೆ ಹೊದಿಕೆ ತುಸು ಬಿರುಸು. ಬೆಣ್ಣೆಯನ್ನು ರವೆಯಂತಾಗುವವರೆಗೆ ತಿಕ್ಕಿದರೆ ಪದರ ಬಾರದೆ ಬಿಸ್ಕತ್ತಿನಂತಾಗುತ್ತದೆ. ಅದೂ ವ್ಯರ್ಥವಲ್ಲ. ಅನಾನಸು, ಮಾವಿನಂತಹ ರಸದ ಹೂರಣಕ್ಕೆ ತಳದ ಹೊದಿಕೆ ಹೀಗಿದ್ದರೆ ಬೇಗ ನೆನೆಯುವುದಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ ನಮ್ಮೂರಿನ ಹವೆಗೆ ಕಾಳಾಗಿ ನಿಲ್ಲದು.

ಹೆಚ್ಚು ಜಿಡ್ಡು ಎಲ್ಲ ಕಡೆಯೂ ಒಳ್ಳೆಯದೆಂದು ಭಾವಿಸಬಾರದು. ಮೂಡುಬಿದಿರೆ, ಬಂಟ್ವಾಳದ ಕ್ರೈಸ್ತ ಬಂಧುಗಳು ಕ್ರಿಸ್ಮಸ್ಸಿನ ಕುಸ್ವಾರಕ್ಕೆ ಮಾಡುವ ನೆವ್ರಿ, ನಮ್ಮ ಕರ್ಜಿಕಾಯಿ, ಇವುಗಳ ಹೊದಿಕೆಗೆ ಹತ್ತು ಪಾಲು ಮೈದಾಕ್ಕೆ ಒಂದು ಪಾಲಿನ ಆಸುಪಾಸು ತುಪ್ಪ ಸಾಕಾಗುತ್ತದೆ. ತೆಳ್ಳಗೆ ಲಟ್ಟಿಸಿ, ಅಂಚು ಮಡಚಿ, ಎಣ್ಣೆಯಲ್ಲಿ ಕರಿಯುವ ವಸ್ತುವಿಗೆ ಅಂಟು ಇರಲೇಬೇಕು. ಪೈಯ ಪ್ರಮಾಣದಲ್ಲಿ ತುಪ್ಪ ಹಾಕಿದರೆ ಬಾಣಲೆಯಲ್ಲೇ ಬಿಚ್ಚಿ ಹೂರಣ ಎಣ್ಣೆ ಪಾಲಾಗುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸುವವರಿಗೆ ಒಂದು ಸೂಚನೆ. ಅದರಲ್ಲಿ ನೀರಿನ ಅಂಶ ದಿನಕ್ಕೊಂದು ತೆರನಾಗಿರುತ್ತದೆ. 100 ಗ್ರಾಂ ಬೆಣ್ಣೆ ತೂಗಿ, ಕಾಯಿಸಿ, ಸೋಸಿದ ತುಪ್ಪವನ್ನು ಮತ್ತೆ ತೂಗಿರಿ. 70 ಗ್ರಾಂ ಬಂದರೆ ಆ ಬೆಣ್ಣೆಯ ಜಿಡ್ಡು ನೂರಕ್ಕೆ 70 ಎಂದು ತಿಳಿದು ಲೆಕ್ಕ ಹಾಕಿಕೊಳ್ಳಬಹುದು.

ಮೇಲೆ ಹೇಳಿದ ತಾಯಿ ಎರಡನೆಯ ಸಲ ಗಟ್ಟಿ ತುಪ್ಪವನ್ನು 160 ಗ್ರಾಂ ಲೆಕ್ಕದಲ್ಲಿ ಹಾಕಿ, ಮೊದಲು ಆರು ಉಂಡೆ ಮಾತ್ರ ಬೇಯಿಸಿ ನೋಡಿದರು. ಅವು ಮೇಲ್ಭಾಗ ಸಣ್ಣಗೆ ಬಿರಿದು ಆಕಾರ ಉಳಿಸಿಕೊಂಡವು. ಆಮೇಲೆಯೇ ಉಳಿದ ಹಿಟ್ಟನ್ನು ಒಲೆಗಿಟ್ಟು, ಅಂಗಡಿಯ ಐದು ಕಿಲೋವನ್ನು ಹೇಳಿದ ದಿನಕ್ಕೆ ಮುಟ್ಟಿಸಿದರು.

— ಕಾರ್ಯದರ್ಶಿ