ಕೂರಿಸಿದ ಮುಖದ ಹಲ್ಲುಗಳು

ವಿಡಿಯೊದಲ್ಲಿ ಒಬ್ಬರ ಮುಖದ ಮೇಲೆ ಇನ್ನೊಬ್ಬರ ಮುಖ ಕೂರಿಸಿದಾಗ ಮೂಗು, ಹುಬ್ಬು ಬೇಗ ಹೊಂದಿಕೊಳ್ಳುತ್ತವೆ. ಕೆಡುವುದು ಮಾತಿಗೆ ಬಾಯಿ ತೆರೆದಾಗ. ಹಲ್ಲುಗಳ ಜಾಗದಲ್ಲಿ ಒಂದು ಬಿಳಿ ಪಟ್ಟಿ ಕಾಣುತ್ತದೆ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಮುಖದ ಚಿತ್ರ 128 ಪಿಕ್ಸೆಲ್ ಅಗಲವಿದ್ದರೆ ಬಾಯಿಗೆ ಸಿಗುವುದು ಸುಮಾರು 40. ಎಂಟು ಹಲ್ಲು ಕಂಡರೆ ಒಂದಕ್ಕೆ ಐದೇ ಪಿಕ್ಸೆಲ್. ನಡುವಿನ ಗೆರೆಗೆ ಒಂದೂ ಪೂರ್ತಿ ಸಿಗುವುದಿಲ್ಲ. ತಂತ್ರಾಂಶ ತನ್ನ ತಪ್ಪನ್ನು ಇಡೀ ಮುಖದ ಮೇಲೆ ಅಳೆಯುವುದರಿಂದ ಆ ಗೆರೆ ಬಿಟ್ಟುಹೋದರೂ ಅದಕ್ಕೆ ದೊಡ್ಡ ನಷ್ಟವಲ್ಲ. ಡೀಪ್‌ಫೇಸ್‌ಲ್ಯಾಬ್‌ನಲ್ಲಿ `Eyes and mouth priority` ಎಂಬ ಆಯ್ಕೆ ಇರುವುದು ಇದಕ್ಕೇ: ಕಣ್ಣು, ಬಾಯಿಯ ತಪ್ಪಿಗೆ ಅದು ಹೆಚ್ಚು ತೂಕ ಕೊಡುತ್ತದೆ.

ಆದರೆ ಕೂರಿಸಬೇಕಾದ ಮುಖದ ಚಿತ್ರಗಳಲ್ಲೆಲ್ಲ ಆ ವ್ಯಕ್ತಿ ಬಾಯಿ ಮುಚ್ಚಿಯೇ ಇದ್ದರೆ ಯಾವ ಆಯ್ಕೆಯೂ ಸಾಲದು. ಕಾಣದ ಹಲ್ಲನ್ನು ಅದು ಕಲಿಯುವುದಾದರೂ ಎಲ್ಲಿಂದ? ಅವರ ಒಪ್ಪಿಗೆ ಪಡೆದು, ಅವರು ಮಾತನಾಡುವುದನ್ನೂ ನಗುವುದನ್ನೂ ಅದೇ ಬಗೆಯ ಬೆಳಕಿನಲ್ಲಿ ಚಿತ್ರಿಸಿಕೊಳ್ಳಬೇಕು.

ಪರೀಕ್ಷೆಗೆ ‘ಅಮ್ಮ’, ‘ಅಪ್ಪ’ ಹೇಳಿಸಿ (ನಮ್ಮ ಮನೆಯ ‘ಅಮ್ಮಿ’, ‘ಅಬ್ಬಾ’ ಕೂಡ ಆದೀತು). ಪ, ಬ, ಮ ಹೇಳಲು ತುಟಿ ಪೂರ್ತಿ ಮುಚ್ಚಲೇಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಅದು ಕೆಲವೇ ಫ್ರೇಮ್‌ಗಳಲ್ಲಿ ಮುಗಿದುಹೋಗುತ್ತದೆ. ಒಂದೊಂದನ್ನೇ ನಿಲ್ಲಿಸಿ ನೋಡಿ. ತುಟಿಗಳ ನಡುವೆ ಮಸುಕಾದ ಸೀಳು ಉಳಿದಿದ್ದರೆ ಆ ಬಾಯಿ ಇನ್ನೂ ಮಾತು ಕಲಿತಿಲ್ಲ.