ನಾಣ್ಯವನ್ನು ತೂಗುವ ಒಂದು ಬಗೆ

ಒಂದು ದೇಶದ ನಾಣ್ಯಕ್ಕೆ ವಿನಿಮಯದಲ್ಲಿ ದೊರೆಯುವ ಬೆಲೆಯು ಅದರ ಕೊಳ್ಳುವ ಶಕ್ತಿಗೆ ತಕ್ಕುದೋ, ಮೀರಿದುದೋ ಎಂಬುದನ್ನು ಅರಿಯಲು ಸುಲಭವಾದ ಒಂದು ಪರೀಕ್ಷೆಯುಂಟು. ಎರಡು ದೇಶಗಳಲ್ಲಿಯೂ ಒಂದೇ ರೀತಿಯಲ್ಲಿ ಸಿದ್ಧವಾಗುವ ಒಂದು ಪದಾರ್ಥವನ್ನು ಆರಿಸಿ, ಅದರ ಬೆಲೆಗಳನ್ನು ಹೋಲಿಸುವುದೇ ಆ ಪರೀಕ್ಷೆ. ಲಂಡನ್ನಿನ 'ದಿ ಎಕಾನಮಿಸ್ಟ್' ಪತ್ರಿಕೆಯು 1986ರಿಂದ ಇದಕ್ಕಾಗಿ 'ಬಿಗ್ ಮ್ಯಾಕ್' ಎಂಬ ತಿನಿಸನ್ನು ಬಳಸುತ್ತ ಬಂದಿದೆ. ಖಾದ್ಯಾಖಾದ್ಯದ ವಿಚಾರವನ್ನು ಬದಿಗಿರಿಸಿ, ಅದನ್ನು ತೂಕದ ಬಟ್ಟೆಂದು ಭಾವಿಸೋಣ.

2015ರ ಜನವರಿಯಲ್ಲಿ ಈ ತಿನಿಸಿನ ಬೆಲೆ ಅಮೆರಿಕದಲ್ಲಿ 4.79 ಡಾಲರ್, ಸ್ವಿಟ್ಜರ್ಲೆಂಡಿನಲ್ಲಿ 6.50 ಫ್ರಾಂಕ್. 6.50ನ್ನು 4.79ರಿಂದ ಭಾಗಿಸಿದರೆ ಸುಮಾರು 1.36 ಬರುತ್ತದೆ. ಅಂದರೆ ತಿನಿಸಿನ ಲೆಕ್ಕದಲ್ಲಿ ಒಂದು ಡಾಲರಿಗೆ 1.36 ಫ್ರಾಂಕ್ ಸಲ್ಲಬೇಕು. ಆದರೆ ಆಗ ವಿನಿಮಯದಲ್ಲಿ 0.862 ಫ್ರಾಂಕಿಗೇ ಒಂದು ಡಾಲರ್ ದೊರೆಯುತ್ತಿತ್ತು. ಆ ದರದಲ್ಲಿ ಸ್ವಿಸ್ ತಿನಿಸಿಗೆ 7.54 ಡಾಲರ್ ಆಯಿತು. ಇದು ಅಮೆರಿಕದ ಬೆಲೆಗಿಂತ ಶೇಕಡಾ 57ರಷ್ಟು ಹೆಚ್ಚು. ಫ್ರಾಂಕಿನ ಬೆಲೆ ಅಷ್ಟು ಮೀರಿದೆಯೆಂದು ತೋರಿತು.

ಹಾಗಾದರೆ ಈ 57 ಸಂಪೂರ್ಣವಾಗಿ ನಾಣ್ಯದ ದೋಷವೇ? ಅಲ್ಲ. ಸ್ವಿಸ್ ಕೇಂದ್ರ ಬ್ಯಾಂಕು 2011ರಿಂದ ಒಂದು ಯೂರೋಗೆ 1.20 ಫ್ರಾಂಕಿಗಿಂತ ಕಡಿಮೆಯಾಗದಂತೆ ದರವನ್ನು ತಡೆದು ನಿಲ್ಲಿಸಿತ್ತು. 2015ರ ಜನವರಿ 15ರಂದು ಆ ತಡೆಯನ್ನು ತೆಗೆದೊಡನೆ ಫ್ರಾಂಕು ಏರಿತು. ಹಿಂದಿನ ದಿನ ಡಾಲರಿಗೆ ಸುಮಾರು 1.02 ಫ್ರಾಂಕ್ ಇದ್ದಿತು. ಅದೇ 6.50 ಫ್ರಾಂಕನ್ನು ಆ ದರದಿಂದ ಎಣಿಸಿದರೆ ವ್ಯತ್ಯಾಸವು ಶೇಕಡಾ 33 ಮಾತ್ರ. ರೊಟ್ಟಿಯೂ ಅದೇ, ಅಂಗಡಿಯೂ ಅದೇ. ಉಳಿದ 24 ಹಣದ ಪೇಟೆಯಿಂದಲೇ ಬಂದುದು.

ಮೊದಲಿನ 33ಕ್ಕೆ ಕಾರಣವೇನು? ತಿನಿಸಿನ ಬೆಲೆಯಲ್ಲಿ ಗೋಧಿ, ಮಾಂಸಗಳಷ್ಟೇ ಅಲ್ಲ, ಕೆಲಸಗಾರನ ಕೂಲಿ ಮತ್ತು ಅಂಗಡಿಯ ಬಾಡಿಗೆಗಳೂ ಸೇರಿವೆ. ಗೋಧಿಯನ್ನು ಹಡಗಿನಲ್ಲಿ ತರಬಹುದು, ಬಾಡಿಗೆಯನ್ನು ತರಲಾಗದು. ಆದುದರಿಂದ ಕೂಲಿ ಹೆಚ್ಚಿರುವ ದೇಶದ ನಾಣ್ಯವು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೀರಿದಂತೆಯೂ, ಕೂಲಿ ಕಡಿಮೆಯಿರುವ ನಮ್ಮಂಥ ದೇಶದ ರೂಪಾಯಿ ಕುಗ್ಗಿದಂತೆಯೂ ಕಾಣುತ್ತವೆ. ಭಾರತದಲ್ಲಿ ತೂಕದ ಬಟ್ಟೇ ಬೇರೆ: ಇಲ್ಲಿ ಗೋಮಾಂಸದ ತಿನಿಸಿಗೆ ಬದಲಾಗಿ ಕೋಳಿಮಾಂಸದ 'ಮಹಾರಾಜ ಮ್ಯಾಕ್' ಬೆಲೆಯನ್ನು ಹಿಡಿಯುತ್ತಾರೆ.

ಮುಂದೇನಾಯಿತೆಂಬುದನ್ನೂ ನೋಡಬೇಕು. 2022ರ ಜುಲೈಯಲ್ಲಿ ಸ್ವಿಸ್ ಬೆಲೆ 6.50 ಫ್ರಾಂಕ್, ಅಮೆರಿಕದ ಬೆಲೆ 5.15 ಡಾಲರ್, ವಿನಿಮಯ ದರ ಸುಮಾರು 0.97. ವ್ಯತ್ಯಾಸವು ಶೇಕಡಾ 30ಕ್ಕೆ ಇಳಿದಿತ್ತು, ಸೊನ್ನೆಗಲ್ಲ. ಹೆಚ್ಚುವರಿಯ 24 ಕರಗಿತು, ಕೂಲಿ ಬಾಡಿಗೆಗಳ ಪಾಲು ಉಳಿಯಿತು. ಆದಕಾರಣ ವ್ಯತ್ಯಾಸವೆಷ್ಟು ಎಂದು ಕೇಳಿದರೆ ಸಾಲದು. ಆ ದೇಶದ ವಾಡಿಕೆಯ ವ್ಯತ್ಯಾಸಕ್ಕಿಂತ ಎಷ್ಟು ಹೆಚ್ಚು ಎಂದು ಕೇಳತಕ್ಕದ್ದು.